ಕ್ಯಾಪ್ಸೂಲ್ ನುಂಗುವ ಮುನ್ನ

ಕ್ಯಾಪ್ಸೂಲ್ ಎಂಡೊಸ್ಕೋಪಿಯ ಬಗ್ಗೆ ರೋಗಿಗೆ ಹೇಳುವಾಗ ಮೊದಲು ಬರುವ ಮಾತು ಅದು ಎಷ್ಟು ಸಲೀಸು ಎಂಬುದು. ನೋವಿಲ್ಲ, ಅರಿವಳಿಕೆ ಬೇಡ, ಕ್ಯಾಮೆರಾ ಇರುವ ಒಂದು ಮಾತ್ರೆ ನುಂಗಿದರೆ ಆಯಿತು. ಈ ಮಾತು ನಿಜ. ಆದರೆ ಈ ಪರೀಕ್ಷೆಯ ಗುಣ ನಿರ್ಧಾರವಾಗುವುದು ನುಂಗುವ ಮೊದಲು ವೈದ್ಯರು ಏನೇನು ಕೇಳಿದರು ಎಂಬುದರ ಮೇಲೆ.

ಮೊದಲು ಅದರ ಸಾಮರ್ಥ್ಯ ನೋಡೋಣ. ಬಾಯಿಂದ ಹಾಕುವ ಎಂಡೊಸ್ಕೋಪ್ ಸಣ್ಣ ಕರುಳಿನ ಆರಂಭದವರೆಗೆ ಹೋಗುತ್ತದೆ, ಕೆಳಗಿನಿಂದ ಹಾಕುವ ಕೊಲೊನೊಸ್ಕೋಪ್ ಅದರ ಕೊನೆಯನ್ನಷ್ಟೇ ಮುಟ್ಟುತ್ತದೆ. ನಡುವಿನ ಹಲವು ಮೀಟರ್ ಕರುಳು ಎರಡಕ್ಕೂ ಸಿಗುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಕ್ಯಾಪ್ಸೂಲ್ ಆ ಜಾಗವನ್ನು ಕಣ್ಣಿಗೆ ತಂದಿತು. ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪದ ಅದು ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಚಿತ್ರ ತೆಗೆಯುತ್ತ ಸಾಗುತ್ತದೆ. ಎರಡೂ ಕಡೆಯ ಎಂಡೊಸ್ಕೋಪಿಯಲ್ಲಿ ಕಾರಣ ಸಿಗದ ರಕ್ತಸ್ರಾವ ಮತ್ತು ಕಬ್ಬಿಣಾಂಶದ ಕೊರತೆ, ಕ್ರೋನ್ಸ್ ಕಾಯಿಲೆಯ ಅನುಮಾನ, ವಂಶಪಾರಂಪರ್ಯವಾಗಿ ಬರುವ ಕರುಳಿನ ಗಂಟುಗಳು, ಸಣ್ಣ ಕರುಳಿನ ಗೆಡ್ಡೆ, ಇವಿಷ್ಟು ಇದನ್ನು ಕೇಳುವ ಮುಖ್ಯ ಸಂದರ್ಭಗಳು. ಬರೀ ಹೊಟ್ಟೆನೋವಿಗೆ ಇದನ್ನು ಬರೆದುಕೊಟ್ಟರೆ ಹೆಚ್ಚಾಗಿ ಏನೂ ಸಿಗುವುದಿಲ್ಲ.

ಬನಹಟ್ಟಿಯ ವಿದ್ಯುತ್ ಮಗ್ಗದ ಮುಂದೆ ಇಡೀ ದಿನ ನಿಂತು ದುಡಿಯುವ ಐವತ್ತು ದಾಟಿದ ನೇಕಾರರೊಬ್ಬರನ್ನು ಊಹಿಸಿಕೊಳ್ಳೋಣ. ಹಿಮೋಗ್ಲೋಬಿನ್ 7.8. ಕಬ್ಬಿಣದ ಗುಳಿಗೆ ತೆಗೆದುಕೊಂಡಾಗ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಎರಡೂ ಎಂಡೊಸ್ಕೋಪಿಯಲ್ಲಿ ದೋಷವಿಲ್ಲ. ಕಾಗದದ ಮೇಲೆ ಇವರು ಕ್ಯಾಪ್ಸೂಲ್‌ಗೆ ತಕ್ಕ ರೋಗಿ. ಆದರೆ ಇಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಮೊದಲನೆಯದು, ಸೊಂಟನೋವು, ಮೊಣಕಾಲು ನೋವಿಗೆ ಔಷಧಿ ಅಂಗಡಿಯಿಂದ ಗುಳಿಗೆ ತಂದು ಎಷ್ಟು ವರ್ಷ ನುಂಗಿದ್ದೀರಿ? ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳನ್ನು ದೀರ್ಘಕಾಲ ನುಂಗಿದರೆ ಸಣ್ಣ ಕರುಳಲ್ಲಿ ಹುಣ್ಣಾಗಿ, ಅದು ಮಾಯುವಾಗ ಒಳಗೆ ಉಂಗುರದಂಥ ತೆಳು ಪರದೆ ಕಟ್ಟಬಹುದು. ಎರಡನೆಯದು, ಉಂಡ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ಹಿಂಡಿದಂತಾಗಿ, ಹೊಟ್ಟೆ ಉಬ್ಬಿ, ಗುಡುಗುಡು ಎಂದ ಮೇಲೆ ನೋವು ಇಳಿಯುತ್ತದೆಯೇ? ಹೌದು ಎಂದರೆ ಕರುಳು ಎಲ್ಲೋ ಇಕ್ಕಟ್ಟಾಗಿದೆ ಎಂದು ಶಂಕಿಸಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇಂಥ ಇಕ್ಕಟ್ಟು ಮಾಡುತ್ತದೆ. ಹಿಂದಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳನ್ನೂ ಕೇಳಿಕೊಳ್ಳಬೇಕು.

ಈ ಪರೀಕ್ಷೆಯ ನಿಜವಾದ ತೊಡಕು ಇಲ್ಲೇ ಇದೆ. ಕ್ಯಾಪ್ಸೂಲ್ ಯಾವ ರೋಗಗಳನ್ನು ಚೆನ್ನಾಗಿ ಹಿಡಿಯುತ್ತದೋ ಅವೇ ರೋಗಗಳು ಕ್ಯಾಪ್ಸೂಲನ್ನೂ ಹಿಡಿದು ನಿಲ್ಲಿಸುತ್ತವೆ. ರಕ್ತಸ್ರಾವಕ್ಕಾಗಿ ಪರೀಕ್ಷೆ ಮಾಡಿಸಿದವರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಅದು ಒಳಗೇ ಉಳಿಯುತ್ತದೆ. ಕ್ರೋನ್ಸ್ ಇರುವುದು ಮೊದಲೇ ಖಚಿತವಾದವರಲ್ಲಿ ಪ್ರಮಾಣ ಇನ್ನೂ ಹೆಚ್ಚು.

ನಮ್ಮ ನೇಕಾರರ ಎರಡೂ ಉತ್ತರ ಹೌದು ಎಂದಿಟ್ಟುಕೊಳ್ಳಿ. ಆಗ ಮೊದಲು ಆಗಬೇಕಾದದ್ದು ಸಿಟಿ ಎಂಟೆರೊಗ್ರಫಿ. ಒಂದು ಲೀಟರಿಗೂ ಹೆಚ್ಚು ದ್ರವ ಕುಡಿಸಿ, ಕರುಳು ಹಿಗ್ಗಿದಾಗ ತೆಗೆಯುವ ಸ್ಕ್ಯಾನ್ ಅದು. ಅಲ್ಲಿ ದಪ್ಪನೆಯ ಇಕ್ಕಟ್ಟು ಕಂಡರೆ ಕ್ಯಾಪ್ಸೂಲ್ ಮಾತೇ ಬೇಡ. ಏನೂ ಕಾಣದಿದ್ದರೂ ಧೈರ್ಯವಾಗಿ ನುಂಗಿಸಲಾಗದು, ಏಕೆಂದರೆ ನೋವಿನ ಗುಳಿಗೆಯ ತೆಳು ಪರದೆ ಸ್ಕ್ಯಾನಿನ ಕಣ್ಣಿಗೆ ತಪ್ಪುವುದುಂಟು. ಇದಕ್ಕಾಗಿಯೇ ಪೇಟೆನ್ಸಿ ಕ್ಯಾಪ್ಸೂಲ್ ಎಂಬುದಿದೆ. ಅಳತೆ ಅದೇ, ಕ್ಯಾಮೆರಾ ಇಲ್ಲ, ಸಿಕ್ಕಿಕೊಂಡರೆ ಸುಮಾರು 30 ಗಂಟೆಗಳ ನಂತರ ಕರಗತೊಡಗುತ್ತದೆ. ಆ ಅವಧಿಯೊಳಗೆ ಅದು ರೂಪ ಕೆಡದೆ ಹೊರಬಂದರೆ ದಾರಿ ತೆರೆದಿದೆ ಎಂದರ್ಥ. ಅದು ಸಿಗದ ಕಡೆ, ಶಂಕೆ ಬಲವಾಗಿದ್ದರೆ, ಬಲೂನ್ ಎಂಟೆರೊಸ್ಕೋಪಿಗೆ ಹೋಗುವುದು ಮೇಲು. ಅದು ಕಷ್ಟದ ಪರೀಕ್ಷೆ, ಅರಿವಳಿಕೆ ಬೇಕು. ಆದರೆ ಅದರಿಂದ ಬಯಾಪ್ಸಿಗೆ ಚೂರು ತೆಗೆಯಬಹುದು, ಇಕ್ಕಟ್ಟನ್ನು ಹಿಗ್ಗಿಸಲೂಬಹುದು. ಕ್ಯಾಪ್ಸೂಲ್ ಕೊಡುವುದು ಬರೀ ಚಿತ್ರ. ಚಿತ್ರದಲ್ಲಿ ಕ್ಷಯದ ಹುಣ್ಣು, ಕ್ರೋನ್ಸ್ ಹುಣ್ಣು ಒಂದೇ ಥರ ಕಾಣಬಹುದು. ಕ್ಷಯವನ್ನು ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಹಬ್ಬುತ್ತದೆ.

ನುಂಗಿದ ನಂತರದ ಹೊಣೆ ಇನ್ನೂ ಸಡಿಲ. ರೋಗಿ ರೆಕಾರ್ಡರ್ ಮರಳಿಸಿ ಬನಹಟ್ಟಿಗೆ ಬಸ್ ಹತ್ತುತ್ತಾರೆ. ಕ್ಯಾಪ್ಸೂಲ್ ಹೊರಬಿತ್ತೇ ಎಂದು ನೋಡುವವರು ಯಾರು? ಚಿತ್ರಗಳಲ್ಲಿ ಅದು ದೊಡ್ಡ ಕರುಳು ತಲುಪಿದ್ದು ಕಾಣದೆ, ಹೊರಬಿದ್ದದ್ದನ್ನೂ ಯಾರೂ ನೋಡದಿದ್ದರೆ, ಎರಡು ವಾರಕ್ಕೆ ಹೊಟ್ಟೆಯ ಎಕ್ಸ್‌ರೇ ತೆಗೆಸಬೇಕು. ಆಗಲೂ ಒಳಗಿದ್ದರೆ ಸಿಕ್ಕಿಕೊಂಡಿದೆ ಎಂದೇ ಲೆಕ್ಕ. ಅದು ಹೊರಬಿದ್ದದ್ದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಕೂಡದು. ಹಿಂಡುವ ನೋವು, ವಾಂತಿ ಬಂದರೆ ದಿನ ಎಣಿಸದೆ ಆಸ್ಪತ್ರೆ ಸೇರಬೇಕು. ಸಿಕ್ಕಿಕೊಂಡ ಹೆಚ್ಚಿನವರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ, ಹಾಗಾಗಿಯೇ ಎಕ್ಸ್‌ರೇ ಮರೆತುಹೋಗುತ್ತದೆ.

ಸಿಕ್ಕಿದ ಕ್ಯಾಪ್ಸೂಲನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಇಕ್ಕಟ್ಟಾದ ಕರುಳನ್ನೂ ಕತ್ತರಿಸಿ ತೆಗೆಯುವುದರಿಂದ ಒಳ್ಳೆಯದೇ ಆಯಿತು ಎಂದು ಕೆಲವರು ವಾದಿಸುತ್ತಾರೆ. ಆ ವಾದ ಪೂರ್ತಿ ಒಪ್ಪುವಂಥದ್ದಲ್ಲ. ಕ್ಷಯ ಅಥವಾ ಕ್ರೋನ್ಸ್‌ನ ಎಷ್ಟೋ ಇಕ್ಕಟ್ಟುಗಳು ಔಷಧದಿಂದಲೇ ಸಡಿಲವಾಗುತ್ತವೆ. ಕ್ಯಾಪ್ಸೂಲ್ ಒಳಗಿದೆ ಎಂಬ ಕಾರಣಕ್ಕೆ ಅವಸರದಲ್ಲಿ ಹೊಟ್ಟೆ ಕೊಯ್ಯುವುದು ಬೇರೆ, ರೋಗ ತಿಳಿದು ಕೊಯ್ಯುವುದು ಬೇರೆ.

ಆದ್ದರಿಂದ ನನ್ನ ತೀರ್ಮಾನ ಇದು: ಇಕ್ಕಟ್ಟಿನ ಲಕ್ಷಣವಿಲ್ಲದೆ, ಎರಡೂ ಎಂಡೊಸ್ಕೋಪಿ ಆದ ಮೇಲೂ ರಕ್ತ ಸೋರುತ್ತಿರುವವರಿಗೆ ಕ್ಯಾಪ್ಸೂಲ್ ಮೊದಲ ಆಯ್ಕೆಯಾಗಲಿ. ಉಳಿದವರಿಗೆ ದಾರಿ ತೆರೆದಿದೆ ಎಂದು ಖಚಿತವಾದ ಮೇಲಷ್ಟೇ ಕೊಡಲಿ. ಸಹಿ ಹಾಕಿಸುವ ಕಾಗದದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂಬ ಮಾತನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಲಿ, ಎಕ್ಸ್‌ರೇಯ ತಾರೀಖನ್ನು ಅಂದೇ ಬರೆದುಕೊಡಲಿ.