ನೂರನೇ ಪದದ ತನಕ ಬಾಯಿ ಬಿಡದ ಕಥೆ

ಸರಿಯಾಗಿ ನೂರು ಪದ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬ ಕಟ್ಟುಪಾಡನ್ನು 1980ರ ದಶಕದಲ್ಲಿ ಹಾಕಿಕೊಂಡವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈಜ್ಞಾನಿಕ ಕಥಾಪ್ರಿಯರು. ಅದಕ್ಕೆ ಡ್ರಾಬಲ್ ಎಂದು ಹೆಸರಿಟ್ಟರು. ನಮ್ಮ ಹನಿಗತೆ, ಮಿನಿಗತೆಗಳಲ್ಲಿ ಲೆಕ್ಕ ಅಷ್ಟು ಬಿಗಿಯಿಲ್ಲ. ಆ ಲೆಕ್ಕಕ್ಕೇ ಕೂಡಿಸಿದ ಕಟಕೋಳದ ಕಥೆಯೊಂದು ಇಲ್ಲಿದೆ. ಮೊದಲು ಸುಮ್ಮನೆ ಓದಿಕೊಳ್ಳಿ.

ಕಟಕೋಳದ ಬಸ್ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ಅರ್ಧ ತಾಸಿನಿಂದ ನಿಂತೇ ಇತ್ತು. ಮಾವನ ಮನೆಗೆ ಬಂದಿದ್ದ ಹೊಸ ಅಳಿಯ ಎದುರಿನ ಚಹಾದಂಗಡಿಗೆ ಬಂದು ಕೂತ. ‘ಡ್ರೈವರ್ ಎಲ್ಲಿ ಸತ್ತಾನೋ!’ ಎಂದು ಗೊಣಗಿದ.

ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಹಿರಿಯರು ತಲೆ ಆಡಿಸಿದರು. ‘ಖರೇ ಅಂದ್ರಿ. ಅಂವಾ ಎಂದೂ ಹೊತ್ತಿಗಿ ಸರಿಯಾಗಿ ಬಸ್ ಬಿಟ್ಟಾಂವಲ್ಲ.’

ಅಂಗಡಿಯವ ಮುಸಿಮುಸಿ ನಕ್ಕ.

ಅಳಿಯನಿಗೆ ಹುರುಪು ಬಂತು. ಡ್ರೈವರನ ಸೋಮಾರಿತನ, ಅವನ ಪಗಾರ, ಸರ್ಕಾರ, ಎಲ್ಲವನ್ನೂ ಬೈದ. ಹಿರಿಯರು ಒಂದೊಂದಕ್ಕೂ ಹೂಂಗುಟ್ಟಿದರು. ಇಷ್ಟು ತಿಳಿವಳಿಕಸ್ಥರು ಸಿಕ್ಕರಲ್ಲ ಎಂದು ಅಳಿಯ ಅವರಿಗೆ ಚಹಾ ಹೇಳಿದ, ಜೊತೆಗೆ ಮಿರ್ಚಿಯನ್ನೂ ತರಿಸಿದ.

‘ತಿನ್ನೂದರಾಗ ಬಸ್ ಹೋದೀತು,’ ಎಂದು ಅವನೇ ಅವಸರ ಮಾಡಿದ.

‘ಚಿಂತಿ ಬಿಡ್ರಿ, ನನ್ನ ಬಿಟ್ಟು ಹೋಗಂಗಿಲ್ಲ’ ಎಂದು ಹಿರಿಯರು ಇನ್ನೊಂದು ಮಿರ್ಚಿ ಮುರಿದರು.

ಅಳಿಯ ದುಡ್ಡು ಕೊಟ್ಟು, ಓಡಿ, ಮುಂದಿನ ಸೀಟು ಹಿಡಿದ. ಹಿರಿಯರು ಸಾವಕಾಶ ಬಾಯಿ ಒರೆಸಿಕೊಂಡು ಬಂದು, ಶಾಲು ತೆಗೆದಿಟ್ಟು, ಕೂತು, ಬಸ್ಸು ಚಾಲೂ ಮಾಡಿದರು.

ಈಗ ಕೊನೆ ಗೊತ್ತಿಟ್ಟುಕೊಂಡು ಇನ್ನೊಮ್ಮೆ ಓದಿ. ಇಂಥ ಕಥೆಯ ರುಚಿ ಇರುವುದೇ ಎರಡನೇ ಓದಿನಲ್ಲಿ. ‘ನನ್ನ ಬಿಟ್ಟು ಹೋಗಂಗಿಲ್ಲ’ ಎಂಬುದು ಮೊದಲ ಸಲ ಹಿರಿಯರ ಬಡಾಯಿ, ಎರಡನೇ ಸಲ ಅಕ್ಷರಶಃ ಸತ್ಯ. ಅಂಗಡಿಯವ ಡ್ರೈವರನನ್ನು ಬೈದದ್ದಕ್ಕೆ ನಕ್ಕನೆಂದುಕೊಂಡಿದ್ದೆವು, ಅವನು ನಕ್ಕದ್ದು ಅಳಿಯನನ್ನು ನೋಡಿ. ಶಾಲು ಚಳಿಗೆ ಇರಬೇಕೆಂದುಕೊಂಡೆವು, ಅದರೊಳಗೆ ಖಾಕಿ ಇತ್ತು. ಹಿರಿಯರು ಒಂದೂ ಸುಳ್ಳಾಡಿಲ್ಲ, ಕಥೆಗಾರನೂ ಆಡಿಲ್ಲ. ಕಥೆ ಅಳಿಯನ ಬೆನ್ನು ಬಿಡುವುದಿಲ್ಲ, ಅವನಿಗೆ ತಿಳಿಯದ್ದು ನಮಗೂ ತಿಳಿಯಲಿಲ್ಲ, ಅಷ್ಟೇ. ಸುಳಿವೇ ಕೊಡದೆ ಕೊನೆಗೆ ‘ಇವರೇ ಡ್ರೈವರ್’ ಎಂದಿದ್ದರೆ ಓದುಗ ಬೆಚ್ಚುತ್ತಿದ್ದ, ನಗುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆಯಿದೆ. ಕೊನೆಯ ವಾಕ್ಯವನ್ನು ಬೆರಳಿನಿಂದ ಮುಚ್ಚಿ. ಬೈಯುವವನೊಬ್ಬ, ಹೂಂಗುಟ್ಟುತ್ತ ಪುಕ್ಕಟೆ ಮಿರ್ಚಿ ತಿನ್ನುವವನೊಬ್ಬ: ಇಷ್ಟೇ ಒಂದು ಸಣ್ಣ ತಮಾಷೆಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಓದುಗ ಮೊದಲಿನಿಂದಲೇ ತಿರುವಿಗೆ ಹೊಂಚು ಹಾಕಿ ಕೂರುತ್ತಾನೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುವುದು ಈ ಬಗೆಯ ಕಥೆಗಾರನಿಗೆ ಬಲು ಅನುಕೂಲ. ಗುಟ್ಟನ್ನು ‘ಚಾಲೂ ಮಾಡಿದರು’ ಎನ್ನುವವರೆಗೂ ತಡೆದಿಡಬಹುದು. ಶಾಲಿನ ಜೊತೆಗೇ ಖಾಕಿ ಅಂಗಿಯನ್ನೂ ತೋರಿಸಿದ್ದರೆ ಗುಟ್ಟು ಅಲ್ಲೇ ಒಡೆದು ಮುಂದಿನ ಪದಗಳೆಲ್ಲ ದಂಡವಾಗುತ್ತಿದ್ದವು. ಇದಾದ ಮೇಲೂ ‘ಅಳಿಯ ಪೆಚ್ಚಾದ’ ಎಂದೊಂದು ಸಾಲು ಹಚ್ಚುವ ಚಪಲ ಅನೇಕರಿಗೆ. ಅವನನ್ನು ಓಡಿಸಿ ಮುಂದಿನ ಸೀಟಿನಲ್ಲೇ ಕೂರಿಸಿದ್ದು ಆ ಸಾಲು ಉಳಿಸಲಿಕ್ಕೆ.