ಕರಿಚಿರತೆ ಮೊದಲೋ, ಸಫಾರಿ ಸೀಟು ಮೊದಲೋ?

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನ ಸುತ್ತ ಹೋಂಸ್ಟೇ ನಡೆಸುವವರು ತಮ್ಮ ವೆಬ್‌ಸೈಟ್‌ಗೆ ಏನಾದರೂ ಬರೆಸಬೇಕೆಂದಾಗ ಮೊದಲು ನೆನಪಾಗುವುದು ಕರಿಚಿರತೆ. ಅದಕ್ಕೆ ಕಾರಣವೂ ಇದೆ. ಕರಿಚಿರತೆ ಸಾಯಾ ಮತ್ತು ಹೆಣ್ಣು ಚಿರತೆ ಕ್ಲಿಯೋಪಾತ್ರ ಜೊತೆಯಾಗಿ ನಿಂತ, ಮಿಥುನ್ ಎಚ್. ಅವರ ಫೋಟೊ 2020ರಲ್ಲಿ ಜಗತ್ತೆಲ್ಲ ಸುತ್ತಿ ಬಂತು. ಇದೇ ಕರಿಚಿರತೆಯನ್ನು ವನ್ಯಜೀವಿ ಛಾಯಾಗ್ರಾಹಕ ಶಾಜ್ ಜಂಗ್ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರೀಕರಿಸಿದರು. ಅಂದಿನಿಂದ ಕಬಿನಿ ಎಂದರೆ ಕರಿಚಿರತೆ ಎಂಬಂತಾಗಿದೆ. ಜನ ಹುಡುಕುವುದನ್ನೇ ಬರೆದರೆ ಜನ ಬರುತ್ತಾರೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ನನ್ನ ಪ್ರಕಾರ ಸಣ್ಣ ವ್ಯವಹಾರಕ್ಕೆ ಇದು ತಪ್ಪು ಲೆಕ್ಕ.

ಎರಡು ವಿಷಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು `kabini black panther`. ಇನ್ನೊಂದು `dammanakatte safari booking`. ಹುಡುಕಾಟದ ಸಂಖ್ಯೆಯಲ್ಲಿ ಮೊದಲನೆಯದು ದೊಡ್ಡದು ಎಂದೇ ಇಟ್ಟುಕೊಳ್ಳಿ. ಆದರೆ ಆ ಸಂಖ್ಯೆಯಲ್ಲಿ ನಮ್ಮ ಪಾಲು ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಮೊಬೈಲ್‌ನಲ್ಲಿ ಆ ಪದಗಳನ್ನು ಟೈಪ್ ಮಾಡಿ ಮೊದಲ ಪುಟ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ದೊಡ್ಡ ಪತ್ರಿಕೆಗಳು, ವನ್ಯಜೀವಿ ಛಾಯಾಗ್ರಾಹಕರು, ವಿಡಿಯೊಗಳೇ ಅಲ್ಲಿ ತುಂಬಿದ್ದರೆ ಆರು ಕೋಣೆಯ ಹೋಂಸ್ಟೇಗೆ ಜಾಗ ಸಿಗುವುದು ಕಷ್ಟ. ಜೊತೆಗೆ, ಹುಡುಕುವವರು ಬಯಸುತ್ತಿರುವುದು ಚಿತ್ರವನ್ನೇ ಹೊರತು ಕೋಣೆಯನ್ನಲ್ಲ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಎರಡನೆಯ ವಿಷಯ ಒಂದೇ ಸಾಲಿನ ಹುಡುಕಾಟವಲ್ಲ. ಸಫಾರಿ ಎಷ್ಟು ಗಂಟೆಗೆ, ಅರಣ್ಯ ಇಲಾಖೆಯ ಬಸ್ಸಿಗೂ ಜಂಗಲ್ ಲಾಡ್ಜಸ್ ಜೀಪಿಗೂ ಏನು ವ್ಯತ್ಯಾಸ, ರೆಸಾರ್ಟ್‌ನಲ್ಲಿ ಉಳಿಯದವರಿಗೆ ಸೀಟು ಸಿಗುತ್ತದೆಯೇ, ಅಂತರಸಂತೆಯಿಂದ ಗೇಟಿಗೆ ಎಷ್ಟು ದೂರ ಎಂದು ಹತ್ತಾರು ರೀತಿಯಲ್ಲಿ ಕೇಳುತ್ತಾರೆ. ಒಂದು ಒಳ್ಳೆಯ ಪುಟ ಇವೆಲ್ಲಕ್ಕೂ ಉತ್ತರ ಕೊಡಬಲ್ಲದು. ಹಾಗಾಗಿ ಟ್ರಾಫಿಕ್ ಅಳೆಯುವಾಗ ಒಂದು ಪದದ ಸಂಖ್ಯೆಗಿಂತ, ಈಗ ಮೊದಲ ಸ್ಥಾನದಲ್ಲಿರುವ ಪುಟಕ್ಕೆ ಎಲ್ಲ ಪದಗಳಿಂದ ಒಟ್ಟು ಎಷ್ಟು ಜನ ಬರುತ್ತಾರೆ ಎಂಬ ಅಂದಾಜು ಮುಖ್ಯ.

ಇನ್ನು ವ್ಯವಹಾರದ ಬೆಲೆ. ವೆಬ್‌ಸೈಟ್‌ಗೆ ಬರೆಯುವ ಕಸುಬಿನವರು ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದುಂಟು. ಓದುಗನ ಸಮಸ್ಯೆಗೆ ನಮ್ಮ ಸೇವೆಯೇ ಉತ್ತರವಾದರೆ ಮೂರು, ಬಹಳಷ್ಟು ನೆರವಾದರೆ ಎರಡು, ಹೆಸರು ಹೇಳಲಷ್ಟೇ ಅವಕಾಶವಿದ್ದರೆ ಒಂದು, ಸಂಬಂಧವೇ ಇಲ್ಲದಿದ್ದರೆ ಸೊನ್ನೆ. ಕರಿಚಿರತೆಯ ಬರಹಕ್ಕೆ ನಾನು ಒಂದು ಕೊಡುತ್ತೇನೆ. ಸಫಾರಿ ಸೀಟಿನದಕ್ಕೆ ಮೂರು: ಬೆಳಗಿನ ಸಫಾರಿಗೆ ಹೋಗಬೇಕಾದವರು ಹಿಂದಿನ ರಾತ್ರಿ ಹತ್ತಿರದಲ್ಲೇ ಎಲ್ಲಾದರೂ ಉಳಿಯಲೇಬೇಕಲ್ಲ!

ಲೆಕ್ಕ ಸ್ಪಷ್ಟವಾಗಲೆಂದು ಊಹೆಯ ಅಂಕಿಗಳನ್ನೇ ತೆಗೆದುಕೊಳ್ಳಿ. ಚಿರತೆಯ ಪುಟಕ್ಕೆ ತಿಂಗಳಿಗೆ 4000 ಜನ ಬಂದು, ಎರಡು ಸಾವಿರಕ್ಕೆ ಒಬ್ಬರಂತೆ ಫೋನ್ ಮಾಡಿದರೆ ಎರಡು ಕರೆ. ಸಫಾರಿ ಪುಟಕ್ಕೆ 150 ಜನ ಬಂದು, 25ಕ್ಕೆ ಒಬ್ಬರಂತೆ ಮಾಡಿದರೆ ಆರು ಕರೆ. ಇದರ ಮೇಲೆ ಒಂದು ಮಿತಿಯೂ ಇದೆ. ಆರು ಕೋಣೆಯವರ ಬಳಿ ತಿಂಗಳಿಗೆ ಮಾರಲು ಇರುವುದೇ ಸುಮಾರು 180 ರಾತ್ರಿಗಳು. ಲಕ್ಷ ಓದುಗರು ಬಂದರೂ ಅದು ಹೆಚ್ಚುವುದಿಲ್ಲ. ಸಾವಿರಾರು ಓದುಗರಿಂದ ಜಾಹೀರಾತಿನ ಹಣ ಗಳಿಸುವ ಸುದ್ದಿತಾಣಕ್ಕೆ ಚಿರತೆಯೇ ಸರಿಯಾದ ವಿಷಯ. ಹೋಂಸ್ಟೇಯವರೂ ಆ ಸುದ್ದಿತಾಣದ ಲೆಕ್ಕವನ್ನೇ ನಕಲು ಮಾಡುತ್ತಿರುವುದು ಇಲ್ಲಿನ ದೊಡ್ಡ ದೋಷ.

ಲೆಕ್ಕ ತಪ್ಪಿದ್ದು ಹೇಗೆ ಗೊತ್ತಾಗುತ್ತದೆ? ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ಕುಗಳ ಗೆರೆ ಏರುತ್ತಿರುತ್ತದೆ, ಫೋನ್ ಮಾತ್ರ ಸುಮ್ಮನಿರುತ್ತದೆ. ಕರೆ ಮಾಡಿದವರನ್ನು "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ ಸರ್?" ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಅತ್ಯಂತ ಅಗ್ಗದ ಪರೀಕ್ಷೆ.

ಹಾಗೆಂದು ಬೆಲೆಯೊಂದನ್ನೇ ನೋಡಿದರೂ ಕೆಡುತ್ತದೆ. ಯಾರೂ ಕೇಳದ ಪ್ರಶ್ನೆಗೆ ಮೂರು ಅಂಕ ಕೊಟ್ಟರೇನು, ಬರುವವರು ಸೊನ್ನೆ. ಸಫಾರಿ ಪುಟಕ್ಕೆ ಇನ್ನೊಂದು ಹೊರೆಯೂ ಇದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಬಳಿಕ ನಾಗರಹೊಳೆ, ಬಂಡೀಪುರಗಳಲ್ಲಿ ಸರ್ಕಾರ ಸಫಾರಿ ನಿಲ್ಲಿಸಿದಾಗ, ಹಳೆಯ ವೇಳೆ, ಹಳೆಯ ದರ ತೋರಿಸುವ ಪುಟವನ್ನು ನಂಬಿ ಹೊರಟವರ ಗತಿಯೇನು? ಚಿರತೆಯ ಕಥೆಯನ್ನು ಒಮ್ಮೆ ಬರೆದು ಬಿಟ್ಟರೂ ನಡೆದೀತು, ಸಫಾರಿ ಮಾಹಿತಿಯನ್ನು ತಿದ್ದುತ್ತಲೇ ಇರಬೇಕು. ಆ ಕೆಲಸಕ್ಕೆ ಮನೆಯಲ್ಲಿ ಆಳಿಲ್ಲದಿದ್ದರೆ ಅದನ್ನು ಬರೆಯದಿರುವುದೇ ಮೇಲು.

ತಿದ್ದಲು ಆಳಿದ್ದವರಿಗೆ ನನ್ನ ತೀರ್ಪು ಇಷ್ಟು: ಸಫಾರಿ ಸೀಟಿನ ಪುಟವನ್ನು ಮೊದಲು ಬರೆಯಿರಿ. ಚಿರತೆ ಬೇಕೇ ಬೇಕೆಂದರೆ, ಅದು ಕಾಣುವ ಸಾಧ್ಯತೆ ಎಷ್ಟು ಕಡಿಮೆ, ಅದಕ್ಕಾಗಿ ಎಷ್ಟು ಸಫಾರಿ, ಎಷ್ಟು ರಾತ್ರಿ ಇಟ್ಟುಕೊಳ್ಳಬೇಕು ಎಂಬುದನ್ನು ಪ್ರಾಮಾಣಿಕವಾಗಿ ಹೇಳುವ ಬರಹ ಮಾಡಿ. ಆಗ ಅದಕ್ಕೂ ಎರಡು ಅಂಕ ಸಲ್ಲುತ್ತದೆ.