ಕಂತಿನಿಂದ ಸಾಲಕ್ಕೆ ಹಿಂದೆ ನಡೆಯುವ ಲೆಕ್ಕ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಹೋಬಳಿ ಊರಲ್ಲೂ ಮನೆಸಾಲದ ಮಾತು ಈಗ ಕಂತಿನಿಂದಲೇ ಶುರುವಾಗುತ್ತದೆ. 'ತಿಂಗಳಿಗೆ ಹತ್ತು ಸಾವಿರ ಕಟ್ಟಬಲ್ಲೆ, ಎಷ್ಟು ಸಾಲ ಬರುತ್ತದೆ?' ಎಂಬುದು ಸಂಬಳದಾರರ ಪ್ರಶ್ನೆ. ಉತ್ತರ ಹೇಳಲು ಬ್ಯಾಂಕಿನವರ ಹತ್ತಿರ ಲಕ್ಷಕ್ಕೆ ಇಷ್ಟು ಕಂತು ಎಂಬ ಪಟ್ಟಿ ಇರುತ್ತದೆ. ಶೇ. 9ರ ಬಡ್ಡಿಗೆ 20 ವರ್ಷವಾದರೆ ಲಕ್ಷಕ್ಕೆ ಸುಮಾರು 900 ರೂಪಾಯಿ. ಹತ್ತು ಸಾವಿರವನ್ನು ಅದರಿಂದ ಭಾಗಿಸಿದರೆ 11.11 ಲಕ್ಷ. ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಇದನ್ನೇ ಹೀಗೆ ಬರೆಯಬಹುದು:

```
=PV(9%/12, 240, -10000)
```

ಈ ಲೆಕ್ಕದಲ್ಲಿ ತಪ್ಪಿಲ್ಲ. ಮುಂದೆ ಕಟ್ಟಲಿರುವ 240 ಕಂತುಗಳ ಇಂದಿನ ಬೆಲೆಯೇ ಇಂದು ಸಿಗುವ ಸಾಲ. ಸಾಲ ಮೊದಲು ಗೊತ್ತುಮಾಡಿ ಕಂತಿಗೆ ಆಮೇಲೆ ಪರದಾಡುವುದಕ್ಕಿಂತ ಇದು ಎಷ್ಟೋ ಮೇಲು. ನನ್ನ ತಕರಾರು ಈ ಲೆಕ್ಕ ಗಳಿಸಿರುವ ಖ್ಯಾತಿಯ ಬಗ್ಗೆ. ಅದು ಕೊಡುವ ಮೊತ್ತವನ್ನು ಜನ 'ನನ್ನ ಶಕ್ತಿ' ಎಂದು ಓದುತ್ತಿದ್ದಾರೆ. ಶಕ್ತಿಯನ್ನು ಹೇಳುವ ಗುಣ ಆ ಮೊತ್ತಕ್ಕಿಲ್ಲ, ಅದರಲ್ಲೂ ದೀರ್ಘ ಅವಧಿಯ ಸಾಲಿನಲ್ಲಿ ಖಂಡಿತ ಇಲ್ಲ.

ಆ ಅವಧಿಯ ಸಾಲನ್ನೇ ನಿಧಾನವಾಗಿ ಓದೋಣ. ಕಂತು ಹತ್ತು ಸಾವಿರ, ಬಡ್ಡಿ ಶೇ. 9, ಎರಡೂ ಬದಲಾಗುವುದಿಲ್ಲ ಎಂದುಕೊಳ್ಳಿ. 10 ವರ್ಷಕ್ಕೆ 7.89 ಲಕ್ಷ ಸಾಲ ಬರುತ್ತದೆ. 15 ವರ್ಷಕ್ಕೆ 9.86 ಲಕ್ಷ, 20ಕ್ಕೆ 11.11 ಲಕ್ಷ, 30ಕ್ಕೆ 12.43 ಲಕ್ಷ. 20ರಿಂದ 30ಕ್ಕೆ ಹೋದವರು ಹೆಚ್ಚುವರಿಯಾಗಿ ಕಟ್ಟುವುದು 12 ಲಕ್ಷ, ಹೆಚ್ಚುವರಿಯಾಗಿ ಪಡೆಯುವುದು 1.32 ಲಕ್ಷಕ್ಕಿಂತ ಕಡಿಮೆ. ಸಾಯುವವರೆಗೆ, ಮಕ್ಕಳು ಮೊಮ್ಮಕ್ಕಳವರೆಗೆ ಕಟ್ಟುತ್ತೇವೆ ಎಂದರೂ ಈ ಕಂತಿಗೆ 13.33 ಲಕ್ಷ ದಾಟುವುದಿಲ್ಲ, ಏಕೆಂದರೆ ಅಷ್ಟು ಸಾಲದ ತಿಂಗಳ ಬಡ್ಡಿಯೇ ಹತ್ತು ಸಾವಿರ. 30 ವರ್ಷದ ಸಾಲಗಾರ ಆ ಗೋಡೆಗೆ ಆಗಲೇ ಬೆನ್ನು ತಾಗಿಸಿ ನಿಂತಿರುತ್ತಾನೆ.

ಮೊದಲ ತಿಂಗಳ ಕಂತನ್ನು ಒಡೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. 30 ವರ್ಷದ ಸಾಲದಲ್ಲಿ ಬಡ್ಡಿಗೆ ಹೋಗುವುದು 9,321 ರೂಪಾಯಿ, ಅಸಲಿಗೆ ಇಳಿಯುವುದು 679. ಈ 679 ರೂಪಾಯಿಯೇ ಆತನಿಗಿರುವ ಜಾಗ. ಫ್ಲೋಟಿಂಗ್ ಬಡ್ಡಿ ಮುಕ್ಕಾಲು ಪರ್ಸೆಂಟ್ ಏರಿದರೆ ಅದು ಮುಗಿದುಹೋಗುತ್ತದೆ. ಕಂತು ಪೂರ್ತಿ ಕಟ್ಟುತ್ತಿದ್ದರೂ ಬಾಕಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. 20 ವರ್ಷದ ಸಾಲದಲ್ಲಿ ಅಸಲಿಗೆ ಹೋಗುವುದು 1,664, ಅದು ಸುಮಾರು 1.8 ಪರ್ಸೆಂಟ್ ಏರಿಕೆಯನ್ನು ತಡೆಯುತ್ತದೆ. 15 ವರ್ಷದ್ದು 3 ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚನ್ನು, 10 ವರ್ಷದ್ದು 6 ಪರ್ಸೆಂಟಿಗೂ ಮೀರಿದ್ದನ್ನು ತಡೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಸಾಲದ ಮೊತ್ತ ಏರುತ್ತ ಹೋದಂತೆ ಈ ತಡೆಯುವ ಶಕ್ತಿ ಇಳಿಯುತ್ತ ಹೋಗುತ್ತದೆ. ಆದರೆ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಬಡ್ಡಿ ಅಷ್ಟೆಲ್ಲ ಏರುತ್ತದೆಯೇ ಎನ್ನುವವರು 2022ನ್ನು ನೆನಪಿಸಿಕೊಳ್ಳಬೇಕು. ಆ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಹೋಯಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ಇಂಥ ಹೊರಗಿನ ದರಕ್ಕೆ ಜೋಡಣೆಯಾಗಿರುವುದರಿಂದ ಏರಿಕೆ ನೇರವಾಗಿ ಸಾಲಗಾರರಿಗೆ ಬಂತು. ನಮ್ಮ ಉದಾಹರಣೆಗೆ ಅದೇ ಎರಡೂವರೆ ಪರ್ಸೆಂಟ್ ಸೇರಿಸಿ. ಶೇ. 11.5ರಲ್ಲಿ 11.11 ಲಕ್ಷದ ತಿಂಗಳ ಬಡ್ಡಿ 10,651. ಹತ್ತು ಸಾವಿರದ ಕಂತು ಬಡ್ಡಿಗೇ ಸಾಲದು. 15 ವರ್ಷದ ಸಾಲ ಉಳಿದುಕೊಳ್ಳುತ್ತದೆ, ಆದರೆ ಕಂತು ಅಷ್ಟೇ ಇದ್ದರೆ 25 ವರ್ಷ ದಾಟುತ್ತದೆ. ಸಾಲ ತೆಗೆದ ಹೊಸದರಲ್ಲೇ ಏರಿಕೆ ಬಂದರೆ ಆಗುವುದು ಇದು. ಅಸಲು ಸಾಕಷ್ಟು ಇಳಿದ ಮೇಲೆ ಬಂದರೆ ಪೆಟ್ಟು ಕಡಿಮೆ.

ಇಲ್ಲಿ ಹಣಕಾಸಿನ ಅಂಕಣಕಾರರ ಜೊತೆ ಜಗಳವಾಡದೆ ಮುಂದೆ ಹೋಗಲಾರೆ. 'ಎಷ್ಟು ಉದ್ದದ ಅವಧಿ ಸಿಗುತ್ತದೋ ಅಷ್ಟನ್ನೂ ತೆಗೆದುಕೊಳ್ಳಿ, ಕಂತು ಹಗುರವಾಗುತ್ತದೆ, ಕೈಯಲ್ಲಿ ಹಣ ಬಂದಾಗ ಮುಂಚಿತವಾಗಿ ತೀರಿಸಿ' ಎಂಬುದು ಅವರ ಉಪದೇಶ. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿರುವುದರಿಂದ ಈ ಮಾತಿಗೆ ಆಧಾರವೂ ಇದೆ. ಆದರೆ ಅದು ಹೊಂದುವುದು ಸಾಲದ ಮೊತ್ತ ಮೊದಲೇ ಗೊತ್ತಾಗಿರುವವರಿಗೆ. 9 ಲಕ್ಷವೇ ಬೇಕು ಎಂದು ಹೋದವನಿಗೆ ಉದ್ದ ಅವಧಿ ಕಂತನ್ನು ಇಳಿಸುತ್ತದೆ. ಕಂತಿನಿಂದ ಹಿಂದೆ ನಡೆಯುವವನ ಕಂತು ಹತ್ತು ಸಾವಿರಕ್ಕೆ ನಿಂತುಬಿಟ್ಟಿದೆ. ಅವಧಿ ಹೆಚ್ಚಿಸಿದಾಗ ಅವನ ಕೈ ಒಂದು ರೂಪಾಯಿಯಷ್ಟೂ ಸಡಿಲವಾಗುವುದಿಲ್ಲ, ಸಾಲವಷ್ಟೇ ದೊಡ್ಡದಾಗುತ್ತದೆ. ಆ ಹೆಚ್ಚಿನ ಸಾಲ ಇನ್ನೊಂದು ಕೋಣೆಗೋ ಸೈಟಿನ ಬೆಲೆಗೋ ಹೋಗಿಬಿಡುತ್ತದೆ. ಮುಂಚಿತವಾಗಿ ತೀರಿಸಲು ಉಳಿಯಬೇಕಿದ್ದ ಹಣವೇ ಅಲ್ಲಿ ಉಳಿಯುವುದಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಹೇಳುವ ಈ ಬರಹಗಳನ್ನು ನಂಬಿ ಅವಧಿ ಆರಿಸಬಾರದು.

ಅದೇ ಅಂಕಣಗಳು ಈ ಲೆಕ್ಕವನ್ನು ಸಂಬಳದವರಿಗಷ್ಟೇ ಮೀಸಲಿಟ್ಟಿರುವುದೂ ಸರಿಯಲ್ಲ. ತೆಂಗು, ಅಡಿಕೆಯನ್ನೇ ನಂಬಿದ ಮನೆಗೆ ಹಣ ಬರುವುದು ಫಸಲು ಮಾರಿದಾಗ. ಅವರಿಗೆ ಆರು ತಿಂಗಳಿಗೆ 60 ಸಾವಿರದ ಕಂತಿಟ್ಟು, ಆರು ತಿಂಗಳಿಗೆ ನಾಲ್ಕೂವರೆ ಪರ್ಸೆಂಟಿನಂತೆ ಹಿಂದೆ ಲೆಕ್ಕ ಹಾಕಿದರೆ 10 ವರ್ಷಕ್ಕೆ 7.80 ಲಕ್ಷ ಬರುತ್ತದೆ. ತಿಂಗಳ ಕಂತಿಗಿಂತ ಕಡಿಮೆಯಾಗುವುದು ಸುಮಾರು 9 ಸಾವಿರ ಮಾತ್ರ. ಆದಾಯ ಬರುವ ಹೊತ್ತಿಗೆ ಕಂತನ್ನು ಹೊಂದಿಸಲು ಇಷ್ಟು ಬಿಟ್ಟುಕೊಡುವುದು ದುಬಾರಿಯಲ್ಲ. ಆದರೆ 60 ಸಾವಿರ ಎಂಬುದು ಮಳೆ ಕೈಕೊಟ್ಟ ವರ್ಷವೂ ಕಟ್ಟಬಲ್ಲ ಮೊತ್ತವಾಗಿರಬೇಕು. ಒಳ್ಳೆಯ ಬೆಲೆ ಸಿಕ್ಕ ವರ್ಷದ ಲೆಕ್ಕವನ್ನು ಇಲ್ಲಿ ಹಾಕಿದರೆ ಸೂತ್ರ ಸರಿಯಿದ್ದೂ ಉತ್ತರ ಸುಳ್ಳಾಗುತ್ತದೆ.

ಹಾಗಾದರೆ ಈ ಲೆಕ್ಕವನ್ನು ಬಳಸುವುದು ಹೇಗೆ? ಇಂದಿನ ಬಡ್ಡಿಯಿಂದಲ್ಲ, ಅದಕ್ಕೆ ಎರಡೂವರೆ ಸೇರಿಸಿದ ಬಡ್ಡಿಯಿಂದ ಹಿಂದೆ ನಡೆಯಬೇಕು. 20 ವರ್ಷಕ್ಕೆ ಶೇ. 11.5ರಲ್ಲಿ ಹತ್ತು ಸಾವಿರ ಹೊರುವುದು 9.38 ಲಕ್ಷ. 11.11ಕ್ಕೂ ಇದಕ್ಕೂ ನಡುವಿನ 1.73 ಲಕ್ಷ ನಮ್ಮ ಶಕ್ತಿಯಲ್ಲ, ಬಡ್ಡಿ ಏರದಿರಲಿ ಎಂಬ ಹಾರೈಕೆ. ಸಾಲ ಕೊಡುವಾಗ ಬಡ್ಡಿ ಏರಿದರೂ ಕಂತು ಅಥವಾ ಅವಧಿ ಹೆಚ್ಚಲು ಜಾಗ ಉಳಿದಿರಬೇಕು, ಅವಧಿ ಎಳೆದದ್ದರಿಂದ ಬಾಕಿ ಬೆಳೆಯುವಂತಾಗಬಾರದು ಎಂದು ರಿಸರ್ವ್ ಬ್ಯಾಂಕೇ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಆ ಜಾಗ ಎಷ್ಟಿದೆ ಎಂದು ಸಾಲಗಾರರೇ ಅಳೆಯಬಹುದು. ಕಂತಿನಲ್ಲಿ ಮೊದಲ ತಿಂಗಳು ಅಸಲಿಗೆ ಹೋಗುವ ಹಣವನ್ನು 12ರಿಂದ ಗುಣಿಸಿ, ಸಾಲದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಎಷ್ಟು ಪರ್ಸೆಂಟ್ ಏರಿಕೆ ತಡೆಯಬಹುದೆಂದು ತಿಳಿಯುತ್ತದೆ. ಉತ್ತರ ಎರಡೂವರೆಗಿಂತ ಕಡಿಮೆ ಬಂದರೆ ಸಾಲ ಇಳಿಸಬೇಕು, ಇಲ್ಲವೇ ಮನೆಯ ಅಳತೆ ಇಳಿಸಬೇಕು. ಅವಧಿಯನ್ನು ಮಾತ್ರ ಏರಿಸಬಾರದು.